ಶಹಾಡ್‌ನ ನೂಲು ಮತ್ತು ತಕ್ಕಡಿಯ ಕೋಣೆ

ಕಲ್ಯಾಣದಿಂದ ಕಸಾರಾ ಕಡೆಗೆ ಹೊರಟ ಲೋಕಲ್ ಮೊದಲು ನಿಲ್ಲುವುದು ಶಹಾಡ್‌ನಲ್ಲಿ. 1950ರ ದಶಕದಲ್ಲಿ ಇಲ್ಲಿ ನೆಲೆಯೂರಿದ ಸೆಂಚುರಿ ರೇಯಾನ್ ಕಾರ್ಖಾನೆಯಿಂದಾಗಿ ಈ ಊರಿನ ಹೆಸರು ವಿಸ್ಕೋಸ್ ನೂಲಿಗೆ ಅಂಟಿಕೊಂಡಿದೆ. ಇಂಥ ನೂಲಿನ ದಪ್ಪವನ್ನು ಅಳತೆಪಟ್ಟಿಯಿಂದ ಅಳೆಯುವುದಿಲ್ಲ, ತೂಗುತ್ತಾರೆ. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ಅಷ್ಟು ಉದ್ದ ಯಾರೂ ಸುತ್ತುವುದಿಲ್ಲ. 90 ಮೀಟರ್ ಸುತ್ತಿ ನೂರರಿಂದ ಗುಣಿಸಿದರೆ ಸಾಕು. 120 ಡೆನಿಯರ್ ನೂಲಾದರೆ ಆ ಲಡಿ 1.2 ಗ್ರಾಂ ತೂಗಬೇಕು. ತೂಕದಲ್ಲಿ ಒಂದು ಮಿಲಿಗ್ರಾಂ ತಪ್ಪಿದರೆ ಡೆನಿಯರ್‌ನಲ್ಲಿ 0.1 ತಪ್ಪುತ್ತದೆ. ತಕ್ಕಡಿಗೆ ಪ್ರತ್ಯೇಕ ಕೋಣೆ ಬೇಕಾಗುವುದು ಇಂಥ ಲೆಕ್ಕಗಳಿಂದಲೇ.

ಆ ದಶಕದಲ್ಲಿ ನಮ್ಮ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿದ್ದದ್ದು ಗಾಜಿನ ಪೆಟ್ಟಿಗೆಯೊಳಗಿನ ಎರಡು ತಟ್ಟೆಯ ತಕ್ಕಡಿ. ಅದರ ದಂಡ ಚೂಪು ಅಂಚಿನ ಮೇಲೆ ಕೂತು ತೂಗಾಡುತ್ತಿತ್ತು. ಅದರ ದೊಡ್ಡ ಶತ್ರು ತೂಗುವವನ ಮೈಬಿಸಿ. ಹಿತ್ತಾಳೆಯ ದಂಡದ ಒಂದು ತೋಳು ಇನ್ನೊಂದಕ್ಕಿಂತ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಪಾಲು ಬೆಚ್ಚಗಾದರೂ ಅದು ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲು ಉದ್ದವಾಗುತ್ತದೆ. 100 ಗ್ರಾಂ ತೂಗುವಾಗ ಅದು 0.1 ಮಿಲಿಗ್ರಾಂ ತಪ್ಪು. ಆದ್ದರಿಂದಲೇ ಯೂರೋಪಿನ ಮಾನಕ ಪ್ರಯೋಗಾಲಯಗಳಲ್ಲಿ ತೂಗುವವರು ಕೆಲವು ಮೀಟರ್ ದೂರ ಕೂತು ದುರ್ಬೀನಿನಿಂದ ಅಂಕೆ ಓದುತ್ತಿದ್ದರು, ಉದ್ದನೆಯ ಸರಳುಗಳಿಂದ ತೂಕದ ಕಲ್ಲುಗಳನ್ನು ಬದಲಿಸುತ್ತಿದ್ದರು. ಕೋಣೆಗೆ ಬಿಸಿಲು ಬೀಳುವ ಕಿಟಕಿ ಬೇಡ ಎಂಬ ನಿಯಮದ ಹಿಂದಿರುವುದೂ ಇದೇ ಕಾರಣ.

1940ರ ದಶಕದ ನಡುವೆ ಸ್ವಿಟ್ಜರ್ಲೆಂಡಿನ ಎರ್‌ಹಾರ್ಡ್ ಮೆಟ್ಲರ್ ಒಂದೇ ತಟ್ಟೆಯ ತಕ್ಕಡಿ ತಂದ. ವಸ್ತುವನ್ನು ಇಟ್ಟ ಮೇಲೆ ಅದೇ ತೋಳಿನಿಂದ ಕಲ್ಲುಗಳನ್ನು ತೆಗೆಯುತ್ತ ಹೋಗುವುದರಿಂದ ಎರಡು ತೋಳುಗಳ ವ್ಯತ್ಯಾಸಕ್ಕೆ ಬೆಲೆಯೇ ಉಳಿಯಲಿಲ್ಲ. ಆಮೇಲೆ ಬಂದ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಅಯಸ್ಕಾಂತದ ನಡುವಿನ ಸುರುಳಿ ತಟ್ಟೆಯನ್ನು ಎತ್ತಿ ಹಿಡಿಯುತ್ತದೆ. ಎಷ್ಟು ವಿದ್ಯುತ್ ಬೇಕಾಯಿತು ಎಂಬುದೇ ತೂಕ. ಉಷ್ಣತೆ ಇಲ್ಲಿ ಬೇರೆ ದಾರಿಯಿಂದ ಒಳಗೆ ಬರುತ್ತದೆ. ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಒಂದೂವರೆ ಪಾಲು ಜರುಗುವ ತಕ್ಕಡಿ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಸರಿಹೊಂದಿಸಿದ ಮೇಲೆ ಕೋಣೆ ಐದು ಡಿಗ್ರಿ ಏರಿದರೆ 100 ಗ್ರಾಂನಲ್ಲಿ 0.75 ಮಿಲಿಗ್ರಾಂ ಹೋಯಿತು. ಮತ್ತೆ ಸರಿಹೊಂದಿಸಿದರೆ ಇದು ಮಾಯ. ಕುಲುಮೆಯಿಂದ ಬಂದು ಇನ್ನೂ ಬೆಚ್ಚಗಿರುವ ಮೂಸೆಯ ತಪ್ಪು ಮಾತ್ರ ಹಾಗೆ ಹೋಗುವುದಿಲ್ಲ. ಅದರ ಸುತ್ತ ಮೇಲೇಳುವ ಗಾಳಿ ಅದನ್ನು ಹಗುರವಾಗಿ ತೋರಿಸುತ್ತದೆ. ಆರುತ್ತ ಹೋದಂತೆ ತೂಕ ನಿಧಾನವಾಗಿ ಏರುತ್ತದೆ.

ಕಂಪನದ ವಿಷಯ ಹಳೆಯದೇ. ರೈಲು ಹಳಿಯ ಬಳಿಯ ಊರಿನಲ್ಲಿ ತಕ್ಕಡಿ ನೆಲಮಹಡಿಯಲ್ಲೇ ಇರಬೇಕು, ಅದೂ ಮೂಲೆಯಲ್ಲಿ. ಮೇಲಿನ ಅಂತಸ್ತಿನ ನೆಲದ ನಟ್ಟನಡುವೆ ಇಡುವಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಭಾರದ ಕಲ್ಲುಚಪ್ಪಡಿಯ ಮೇಜು ಹಾಕಿದವರೂ ಎಡವುವ ಜಾಗವೊಂದಿದೆ: ಮೇಜು ನೆಲದ ಮೇಲೆ ನಿಂತು ಗೋಡೆಗೂ ತಾಗಿದ್ದರೆ ಎರಡರ ನಡುಕವನ್ನೂ ಹೊರುತ್ತದೆ. ನೆಲಕ್ಕೋ ಗೋಡೆಗೋ, ಒಂದಕ್ಕೇ ಸೇರಿಸಬೇಕು.

ಸ್ಥಾಯೀ ವಿದ್ಯುತ್ತಿನ ಕಥೆಯಲ್ಲಿ ಶಹಾಡ್‌ನ ಹವೆಗೂ ಪಾಲಿದೆ. ಮಳೆಗಾಲದಲ್ಲಿ ಅದರ ಸುದ್ದಿಯೇ ಇಲ್ಲ. ಚಳಿಗಾಲದ ಒಣ ಮಧ್ಯಾಹ್ನಗಳಲ್ಲಿ, ತೇವಾಂಶ ಶೇ. 40ಕ್ಕಿಂತ ಕೆಳಗಿಳಿದಾಗ, ಪ್ಲಾಸ್ಟಿಕ್ ಬಟ್ಟಲು ಒಂದು ತೂಕಕ್ಕೆ ನಿಲ್ಲುವುದೇ ಇಲ್ಲ. ಗುರುತಿಸುವುದು ಸುಲಭ: ಕೈ ಹತ್ತಿರ ತಂದರೆ ಅಂಕೆ ಬದಲಾಗುತ್ತದೆ, ಅದೇ ವಸ್ತುವನ್ನು ಲೋಹದ ಬಟ್ಟಲಲ್ಲಿ ಇಟ್ಟರೆ ಶಾಂತವಾಗುತ್ತದೆ. ಗಾಳಿಯ ಕಾಟವಾದರೆ ಕೊನೆಯ ಅಂಕೆಗಳು ಅತ್ತಿತ್ತ ಕುಣಿಯುತ್ತವೆ. ಏಸಿ ನಿಲ್ಲಿಸಿದರೆ ನಿಲ್ಲುತ್ತವೆ. ಗಾಳಿ ತಡೆಯುವ ಗಾಜನ್ನೇ ಒಣ ಬಟ್ಟೆಯಿಂದ ಉಜ್ಜಿ ವಿದ್ಯುತ್ ತುಂಬುವವರೂ ಉಂಟು. ಒಂದು ಕಾಟ ತಡೆಯಲು ಇಟ್ಟದ್ದೇ ಇನ್ನೊಂದನ್ನು ಕರೆಯುತ್ತದೆ.

ಇನ್ನು ರೇಯಾನ್. ಇದು ನೀರು ಹೀರುವ ನೂಲು. ಪ್ರಮಾಣಿತ ಹವೆಯಲ್ಲಿ ಒಣತೂಕದ ಶೇ. 11ರಿಂದ 13ರಷ್ಟು ತೇವ ಹಿಡಿದಿರುತ್ತದೆ. ಈ ತೇವ ಕೇವಲ ಒಂದು ಪ್ರತಿಶತ ಅಂಶ ಏರಿದರೆ ನಮ್ಮ 1.2 ಗ್ರಾಂ ಲಡಿ ಸುಮಾರು 11 ಮಿಲಿಗ್ರಾಂ ಭಾರವಾಗಿ, ಹತ್ತಿರ ಹತ್ತಿರ ಒಂದು ಡೆನಿಯರ್ ಹೆಚ್ಚಿ ಕಾಣುತ್ತದೆ. ಮೇಲೆ ಲೆಕ್ಕ ಹಾಕಿದ ಉಷ್ಣತೆಯ ತಪ್ಪುಗಳು ಇದರ ಮುಂದೆ ಸಣ್ಣವು. ಆದ್ದರಿಂದ ನೂಲು ತೂಗುವ ಕೋಣೆಯಲ್ಲಿ ಕಲ್ಲಿನ ಮೇಜಿಗೆ ಹಣ ಸುರಿಯುವ ಮೊದಲು ಹವೆಯನ್ನು ಹಿಡಿದಿಡಬೇಕು. ಭಾರತದ ಮಾನಕ ಹೇಳುವುದು 27 ಡಿಗ್ರಿ, ಶೇ. 65 ತೇವಾಂಶ. ಲಡಿ ಆ ಹವೆಯಲ್ಲಿ ತೂಕ ನಿಲ್ಲುವವರೆಗೆ ಕಾದಿರಬೇಕು, ಅದೂ ಒಣಗಿದ ಸ್ಥಿತಿಯಿಂದ ತೇವದ ಕಡೆಗೆ ಬರುತ್ತ; ಒದ್ದೆಯಿಂದ ಒಣಗುತ್ತ ಬಂದ ನೂಲು ಅದೇ ಹವೆಯಲ್ಲೂ ಸ್ವಲ್ಪ ಹೆಚ್ಚೇ ನೀರು ಉಳಿಸಿಕೊಂಡಿರುತ್ತದೆ. ಶೇ. 65 ತೇವಾಂಶ ಇರುವ ಕೋಣೆಯಲ್ಲಿ ಸ್ಥಾಯೀ ವಿದ್ಯುತ್ತಿನ ಕಾಟವೂ ತಾನಾಗಿ ಇಳಿಯುತ್ತದೆ.