ಕೊಳವೆಯ ಗೋಡೆ ಮತ್ತು ನೀರಿನ ಪದರ: ಜೂಲ್‌ನಿಂದ ವಿಲ್ಸನ್‌ವರೆಗೆ

ಒಳಗೆ ಹಬೆ, ಹೊರಗೆ ತಣ್ಣೀರು ಹರಿಯುವ ಕೊಳವೆಯಲ್ಲಿ ಹಬೆಯ ತಾಪಮಾನದಿಂದ ನೀರಿನ ತಾಪಮಾನಕ್ಕೆ ಇಳಿಯುವಾಗ ಹೆಚ್ಚಿನ ಇಳಿಕೆ ಎಲ್ಲಿ ಆಗುತ್ತದೆ? ಲೋಹದ ಗೋಡೆಯಲ್ಲೇ ಎಂದು ಊಹಿಸುವುದು ಸಹಜ. ಆ ಊಹೆ ಬಿದ್ದುಹೋದ ಬಗೆಯೇ ಈ ವಿಷಯದ ಇತಿಹಾಸದಲ್ಲಿ ನನಗೆ ಮುಖ್ಯವೆನಿಸುವ ಘಟ್ಟ.

ಗೋಡೆಯ ಗಣಿತಕ್ಕೆ ಆಧಾರ ಫೂರಿಯೆಯ 1822ರ ಗ್ರಂಥ. ಘನವಸ್ತುವಿನೊಳಗಿನ ಉಷ್ಣವಹನ ಬೇರೆ, ಅದರ ಮೇಲ್ಮೈ ಸುತ್ತಲಿನ ಮಾಧ್ಯಮಕ್ಕೆ ಉಷ್ಣ ಬಿಟ್ಟುಕೊಡುವ ಗುಣ ಬೇರೆ ಎಂದು ಅವನು ವಿಂಗಡಿಸಿದ್ದ. ಅವನ ಸಮೀಕರಣವನ್ನು ಟೊಳ್ಳು ಸಿಲಿಂಡರಿಗೆ ಅನ್ವಯಿಸಿದರೆ ತಾಪಮಾನ ತ್ರಿಜ್ಯದ ಲಾಗರಿದಮ್‌ಗೆ ಅನುಗುಣವಾಗಿ ಇಳಿಯುತ್ತದೆ. ಹೊರಕ್ಕೆ ಹೋದಂತೆ ಅದೇ ಉಷ್ಣಕ್ಕೆ ಹೆಚ್ಚು ವಿಸ್ತೀರ್ಣ ಸಿಗುವುದರಿಂದ ಇಳಿಜಾರು ಒಳಮೈ ಬಳಿ ಕಡಿದಾಗಿ, ಹೊರಮೈ ಬಳಿ ಸೌಮ್ಯವಾಗಿರುತ್ತದೆ.

1861ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಜೂಲ್ ಹಬೆಯ ಕೊಳವೆಯನ್ನು ಇನ್ನೊಂದು ಅಗಲವಾದ ಕೊಳವೆಯೊಳಗೆ ಇಟ್ಟು, ನಡುವಿನ ಸಂದಿಯಲ್ಲಿ ನೀರು ಹರಿಸಿದ. ಲೋಹ ಯಾವುದು, ಅದರ ದಪ್ಪ ಎಷ್ಟು ಎಂಬುದರಿಂದ ಫಲಿತಾಂಶ ಹೆಚ್ಚೇನೂ ಬದಲಾಗಲಿಲ್ಲ. ಉಷ್ಣಕ್ಕೆ ಅಡ್ಡಿಯಾಗುವುದು ಬಹುತೇಕ ಕೊಳವೆಯ ಒಳಮೈಗೂ ಹೊರಮೈಗೂ ಅಂಟಿಕೊಂಡ ನೀರಿನ ತೆಳುಪದರವೇ ಎಂದು ಅವನು ನಿರ್ಣಯಿಸಿದ. ನೀರಿನ ದಾರಿಯಲ್ಲಿ ಸುರುಳಿ ತಂತಿ ಇಟ್ಟು ಹರಿವನ್ನು ಕದಡಿದಾಗ ಉಷ್ಣ ಹೆಚ್ಚು ದಾಟಿತು.

ಇಂದಿನ ಸೂತ್ರದಲ್ಲಿ ಇದನ್ನು ಪರೀಕ್ಷಿಸಬಹುದು:

q/L = (Tᵢ − Tₒ) / [1/(2πr₁hᵢ) + ln(r₂/r₁)/(2πk) + 1/(2πr₂hₒ)]

ನಾನು ಆರಿಸಿಕೊಂಡ ಉದಾಹರಣೆಯಲ್ಲಿ ತಾಮ್ರದ ಕೊಳವೆಯ ತ್ರಿಜ್ಯ ಒಳಗೆ 10, ಹೊರಗೆ 12 ಮಿ.ಮೀ.; ಹಬೆ 100, ನೀರು 20 ಡಿಗ್ರಿ ಸೆಲ್ಸಿಯಸ್. hᵢ 8000, hₒ 1500 W/m²K, k 390 W/mK ಎಂದು ಹಿಡಿದರೆ ಪ್ರತಿ ಮೀಟರಿಗೆ ಸುಮಾರು 7.3 ಕಿಲೋವ್ಯಾಟ್ ಉಷ್ಣ ಸಾಗುತ್ತದೆ. 80 ಡಿಗ್ರಿಯಲ್ಲಿ 14.6 ಹಬೆಯ ಕಡೆ, 64.9 ನೀರಿನ ಕಡೆ ಇಳಿಯುತ್ತದೆ. ಇಡೀ ಗೋಡೆಗೆ ಉಳಿಯುವುದು ಅರ್ಧ ಡಿಗ್ರಿ ಮಾತ್ರ! ತಾಮ್ರದ ಬದಲು k 60 ಇರುವ ಕಬ್ಬಿಣ ಹಾಕಿದರೂ ಉಷ್ಣ ಶೇ. 4ರಷ್ಟೂ ಕಡಿಮೆಯಾಗುವುದಿಲ್ಲ. ಪ್ರಕ್ಷುಬ್ಧವಾಗಿ ಹರಿಯುವ ನೀರಿನ ವೇಗ ಇಮ್ಮಡಿಯಾಗಿ, hₒ ವೇಗದ 0.8ನೇ ಘಾತದಂತೆ ಏರಿದರೆ ಮಾತ್ರ ಉಷ್ಣ ಒಂದೂವರೆ ಪಟ್ಟಾಗುತ್ತದೆ.

ಆದರೆ ಅಳತೆಗೆ ಸಿಗುವುದು ಮೂರೂ ರೋಧಗಳ ಮೊತ್ತ. ಅದನ್ನು ಬಿಡಿಸುವ ದಾರಿಯನ್ನು 1915ರಲ್ಲಿ ವಿಲ್ಸನ್ ತೋರಿಸಿದ. ಹಬೆಯ ಸ್ಥಿತಿ ಬದಲಿಸದೆ ನೀರಿನ ವೇಗ ಮಾತ್ರ ಬದಲಿಸುತ್ತಾ, ಒಟ್ಟು ರೋಧವನ್ನು 1/V⁰·⁸²ಗೆ ಎದುರಾಗಿ ಗುರುತಿಸಿದರೆ ಸರಳರೇಖೆ ಸಿಗುತ್ತದೆ. ಅದನ್ನು ಅನಂತ ವೇಗದವರೆಗೆ ಚಾಚಿದಾಗ ಲಂಬ ಅಕ್ಷದಲ್ಲಿ ಸಿಗುವ ಬೆಲೆ ಹಬೆ ಮತ್ತು ಗೋಡೆಯ ರೋಧ, ಉಳಿದದ್ದು ನೀರಿನದು. ಕೊಳವೆಯಲ್ಲಿ ಸುಣ್ಣದ ಹೊರೆ ಕಟ್ಟಿದ್ದರೆ ರೇಖೆಯ ಇಳಿಜಾರು ಹೆಚ್ಚುಕಡಿಮೆ ಹಾಗೇ ಇದ್ದು, ಇಡೀ ರೇಖೆ ಮೇಲಕ್ಕೆ ಸರಿಯುತ್ತದೆ. ವೇಗ ಬದಲಿಸುವಾಗ ಹಬೆಯ ಕಡೆಯ ರೋಧವೂ ಬದಲಾದರೆ ಮಾತ್ರ ಈ ವಿಂಗಡಣೆ ನಂಬಲರ್ಹವಲ್ಲ.