ಗಿರಾಕಿಯ ಅಂಗಳದಲ್ಲಿರುವ ಸ್ವತ್ತು: ಖಾಲಿ ಸಿಲಿಂಡರು, ಪ್ಯಾಲೆಟ್ಟು, ಕ್ರೇಟುಗಳ ಲೆಕ್ಕ ಬೆಳೆದ ಬಗೆ

ಸರಕನ್ನು ಹೊತ್ತು ಗಿರಾಕಿಯ ಬಳಿಗೆ ಹೋಗಿ ಖಾಲಿಯಾಗಿ ಮರಳಬೇಕಾದ ಸಿಲಿಂಡರು, ಕ್ರೇಟು, ಪ್ಯಾಲೆಟ್ಟುಗಳು ಮಾರಾಟವಾಗುವ ವಸ್ತುಗಳಲ್ಲ. ಅವು ಪೂರೈಕೆದಾರನ ಸ್ವತ್ತಾಗಿಯೇ ಉಳಿದು ಇನ್ನೊಬ್ಬರ ವಶದಲ್ಲಿರುತ್ತವೆ. ಈ ಸ್ವತ್ತಿನ ಲೆಕ್ಕ ಇಡುವ ಕ್ರಮವು ಬಹುಕಾಲ ಗಿರಾಕಿಯ ಬಳಿ ಎಷ್ಟಿವೆ ಎಂಬುದನ್ನಷ್ಟೇ ಕೇಳುತ್ತಿತ್ತು. ಅವನ ಬಳಿ ಇರುವುದು ಯಾವುವು ಎಂದು ಕೇಳತೊಡಗಿದ್ದು ತೀರ ಈಚೆಗೆ.

ಎಲ್ಲಕ್ಕಿಂತ ಹಳೆಯ ಉಪಾಯವೆಂದರೆ ಠೇವಣಿ. ಅಡುಗೆ ಅನಿಲದ ಸಂಪರ್ಕ ಪಡೆಯುವಾಗ ಭದ್ರತಾ ಠೇವಣಿ ಕಟ್ಟಿ, ಆಮೇಲೆ ಖಾಲಿ ಸಿಲಿಂಡರನ್ನು ಕೊಟ್ಟು 14.2 ಕಿಲೋ ತುಂಬಿದ್ದನ್ನು ಪಡೆಯುವ ಪದ್ಧತಿಯಲ್ಲಿ ಪ್ರತಿ ಮನೆಯ ಬಾಕಿಯೂ ಒಂದೋ ಎರಡೋ ಸಿಲಿಂಡರಿಗೆ ಸ್ಥಿರವಾಗಿ ನಿಲ್ಲುವುದರಿಂದ ದಿನದಿನದ ಲೆಕ್ಕದ ಅಗತ್ಯವೇ ಬೀಳುವುದಿಲ್ಲ. ಆದರೆ ಠೇವಣಿಗೆ ಒಂದು ಮಿತಿಯಿದೆ: ವರ್ಷಗಳ ಹಿಂದೆ ಕಟ್ಟಿದ ಮೊತ್ತವು ಇಂದಿನ ಉಕ್ಕಿನ ಅಥವಾ ಪ್ಲಾಸ್ಟಿಕ್ಕಿನ ಬೆಲೆಗಿಂತ ಕೆಳಗೆ ಬಿದ್ದಾಗ, ವಸ್ತುವನ್ನು ಹಿಂದಿರುಗಿಸುವುದಕ್ಕಿಂತ ಇಟ್ಟುಕೊಳ್ಳುವುದೇ ಗಿರಾಕಿಗೆ ಲಾಭವಾಗುತ್ತದೆ.

ಎರಡನೆಯ ಘಟ್ಟ ಪ್ಯಾಲೆಟ್ಟುಗಳದು. ಸರಕನ್ನು ಪೇರಿಸಿ ಫೋರ್ಕ್‌ಲಿಫ್ಟ್‌ನಿಂದ ಎತ್ತುವ ಈ ಮರದ ಹಲಗೆಗಳಿಗೆ ಯುರೋಪಿನ ರೈಲ್ವೆಗಳು 1961ರಲ್ಲಿ 800×1200 ಮಿ.ಮೀ. ಅಳತೆಯನ್ನು ಗೊತ್ತುಮಾಡಿ, ತುಂಬಿದ್ದಕ್ಕೆ ಖಾಲಿಯನ್ನು ಸ್ಥಳದಲ್ಲೇ ಬದಲಾಯಿಸಿಕೊಳ್ಳುವ ವಿನಿಮಯವನ್ನು ಆರಂಭಿಸಿದವು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಚೆಪ್ ಸಂಸ್ಥೆಯ ದಾರಿ ಬೇರೆ. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಉಳಿದ ಅಮೆರಿಕ ಸೇನೆಯ ಸಾಮಗ್ರಿಯಿಂದ ಆರಂಭವಾಗಿ 1958ರಲ್ಲಿ ಬ್ರಾಂಬಲ್ಸ್ ಕಂಪನಿಯ ಕೈಸೇರಿದ ಈ ಸಂಸ್ಥೆ, ನೀಲಿ ಪ್ಯಾಲೆಟ್ಟುಗಳನ್ನು ದಿನಬಾಡಿಗೆಗೆ ಕೊಟ್ಟು, ಗಿರಾಕಿಯು ಅವನ್ನು ಮುಂದಿನವರಿಗೆ ದಾಟಿಸಿದ್ದಾಗಿ ಘೋಷಿಸಿದಾಗ ಅವನ ಖಾತೆಯಿಂದ ಕಳೆಯುತ್ತಿತ್ತು. ಘೋಷಣೆಯನ್ನೇ ನೆಚ್ಚಿದ ಲೆಕ್ಕ ಎಷ್ಟು ದುರ್ಬಲವೆಂಬುದು 2002ರಲ್ಲಿ, ಯುರೋಪಿನಲ್ಲಿ ಒಂದು ಕೋಟಿಗೂ ಹೆಚ್ಚು ಪ್ಯಾಲೆಟ್ಟುಗಳ ಸುಳಿವು ಸಿಗದೆಹೋದಾಗ ಬಯಲಾಯಿತು.

ಕೈಗಾರಿಕಾ ಅನಿಲದ ವ್ಯಾಪಾರದಲ್ಲಿ ಇದೇ ದೌರ್ಬಲ್ಯವು ಇನ್ನೂ ಸೂಕ್ಷ್ಮವಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿಯ ಸಂಖ್ಯಾಲೆಕ್ಕ ಸರಳವಾದದ್ದು: ಹಿಂದಿನ ಬಾಕಿಗೆ ಕೊಟ್ಟ ತುಂಬಿದ ಸಿಲಿಂಡರುಗಳನ್ನು ಕೂಡಿ, ಮರಳಿದ ಖಾಲಿಗಳನ್ನು ಕಳೆದರೆ ಇಂದಿನ ಬಾಕಿ. ನಿಗದಿತ ಉಚಿತ ದಿನಗಳು ಮೀರಿದ ಸಿಲಿಂಡರಿಗೆ ಬಾಡಿಗೆ ಹಾಕಬೇಕಾಗಿ ಬಂದಾಗ, ಮರಳಿದ್ದು ಯಾವುದೆಂದು ತಿಳಿಯದ ಕಾರಣ, ಮೊದಲು ಹೋದದ್ದೇ ಮೊದಲು ಬಂತೆಂದು ಊಹಿಸಲಾಗುತ್ತದೆ. ಒಂದು ವೆಲ್ಡಿಂಗ್ ಶೆಡ್ಡು ವಾರಕ್ಕೆ 10 ಆಮ್ಲಜನಕದ ಸಿಲಿಂಡರು ಪಡೆದು 10 ಖಾಲಿ ಕೊಡುತ್ತದೆ, ಬಾಕಿ ಸದಾ 20, ಉಚಿತ ಅವಧಿ 15 ದಿನ ಎಂದಿಟ್ಟುಕೊಳ್ಳೋಣ. ಊಹೆಯ ಪ್ರಕಾರ ಅಲ್ಲಿರುವ 20 ಕೂಡ ಕಳೆದ ಎರಡು ವಾರಗಳಲ್ಲಿ ಹೋದವು. ಆದ್ದರಿಂದ ಬಾಡಿಗೆ ಬೀಳುವುದಿಲ್ಲ. ವಾಸ್ತವದಲ್ಲಿ 12 ಮಾತ್ರ ಓಡಾಡುತ್ತಿದ್ದು, ಉಳಿದ 8 ಶೆಡ್ಡಿನ ಹಿಂಬದಿಯಲ್ಲಿ ವರ್ಷದಿಂದ ಒರಗಿರಬಹುದು, ಇಲ್ಲವೇ ಗುಜರಿಗೆ ಹೋಗಿರಲೂಬಹುದು. ಖಾತೆಯ ಮೊತ್ತ ಸರಿಯಾಗಿಯೇ ಇದೆ, ಗಿರಾಕಿಯೂ ಅದಕ್ಕೆ ಸಹಿ ಹಾಕುತ್ತಾನೆ. ಹೀಗೆ ಎರಡು ಕಡೆಯವರೂ ಒಪ್ಪಿದ ಅಂಕಿಯ ಮರೆಯಲ್ಲಿ ಸ್ವತ್ತು ಕಳೆದುಹೋಗುವುದೇ ಈ ಪದ್ಧತಿಯ ನಿಜವಾದ ದೋಷವಾಗಿದೆ.

ಪ್ರತಿ ಸಿಲಿಂಡರಿನ ಭುಜದ ಮೇಲೆ ಅಚ್ಚೊತ್ತಿರುವ ಕ್ರಮಾಂಕವನ್ನು ಚಲನ್‌ನಲ್ಲಿ ಬರೆದುಕೊಂಡರೆ ಆ 8 ತಾವಾಗಿ ಹೊರಬೀಳುತ್ತವೆ. ನಿಗದಿತ ಅವಧಿಗೊಮ್ಮೆ ನಡೆಯಬೇಕಾದ ನೀರೊತ್ತಡದ ಪರೀಕ್ಷೆಯ ದಿನಾಂಕವೂ ಅದೇ ಕ್ರಮಾಂಕಕ್ಕೆ ಅಂಟಿಕೊಂಡಿರುವುದರಿಂದ, ಪರೀಕ್ಷೆಯ ಗಡುವು ಮೀರಿದರೂ ಘಟಕಕ್ಕೆ ಬಾರದ ಸಿಲಿಂಡರು ಎಲ್ಲೋ ಸಿಕ್ಕಿಕೊಂಡಿದೆ ಎಂಬುದಕ್ಕೆ ಅದೊಂದು ಸ್ವತಂತ್ರ ಸಾಕ್ಷಿ. ಆದರೆ ಬಣ್ಣ ಮತ್ತು ತುಕ್ಕಿನಡಿ ಮುಚ್ಚಿದ ಅಂಕಿಗಳನ್ನು ಲಾರಿಯ ಪಕ್ಕದಲ್ಲಿ ನಿಂತು ಬರೆಯುವುದು ಚಾಲಕನಿಗೆ ಆಗದ ಕೆಲಸ. ಬಾರ್‌ಕೋಡ್ ಬಂದ ಮೇಲೆಯೇ ಈ ಕ್ರಮ ಬಳಕೆಗೆ ನಿಂತಿತು. ಭಾರತದಲ್ಲಿ ಅಡುಗೆ ಅನಿಲದ ಸಿಲಿಂಡರುಗಳಿಗೆ ಕ್ಯೂಆರ್ ಕೋಡ್ ಹಾಕುವ ಯೋಜನೆ 2022ರಲ್ಲಿ ಪ್ರಕಟವಾಯಿತು. ಹಾಲಿನ ಕ್ರೇಟಿನಂಥ ಅಗ್ಗದ ವಸ್ತುವಿಗೆ ಈ ಖರ್ಚು ಹೊಂದುವುದಿಲ್ಲವಾದ್ದರಿಂದ ಅಲ್ಲಿ ಇಂದಿಗೂ ಲೈನಿನ ಗಾಡಿಯವನ ಎಣಿಕೆಯೇ ಆಧಾರ.

ಕ್ರಮಾಂಕದ ಲೆಕ್ಕವೂ ತಪ್ಪದೇ ಇರುವುದಿಲ್ಲ. ಮರಳುವಾಗ ಒಮ್ಮೆ ಸ್ಕ್ಯಾನ್ ತಪ್ಪಿದರೂ ಸಿಲಿಂಡರು ಘಟಕದಲ್ಲಿದ್ದುಕೊಂಡೇ ಗಿರಾಕಿಯ ಹೆಸರಿನಲ್ಲಿ ಬಾಡಿಗೆ ಎಣಿಸುತ್ತಿರುತ್ತದೆ. ಗಿರಾಕಿಯು ತನ್ನ ಬಳಿ ಇರುವ ಬೇರೆ ಕಂಪನಿಯ ಖಾಲಿಯನ್ನು ಲಾರಿಗೆ ಏರಿಸಿದರೆ ಎರಡು ಕಂಪನಿಗಳ ಖಾತೆಯೂ ಕೆಡುತ್ತದೆ. ಅದಕ್ಕಾಗಿ ತುಂಬುವ ಮುನ್ನ ಘಟಕದಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಖಾತೆಯಲ್ಲಿ ಹೊರಗಿರುವಂತೆ ಕಾಣುವುದು ಕಣ್ಣೆದುರೇ ಇದ್ದರೆ ಗಿರಾಕಿಯ ಬಾಕಿಯನ್ನು ಆಗಲೇ ಇಳಿಸಬೇಕು. ವಸೂಲಿಯೂ ಈ ತಿದ್ದುಪಡಿಯ ನಂತರವೇ ಆರಂಭವಾಗಬೇಕಾದದ್ದು: ಮೊದಲು ಕ್ರಮಾಂಕಗಳ ಪಟ್ಟಿಯೊಂದಿಗೆ ಪತ್ರ, ಬಳಿಕ ಗಿರಾಕಿಯ ಅಂಗಳದಲ್ಲೇ ಜಂಟಿ ಎಣಿಕೆ, ಸಿಗದೇ ಹೋದವಕ್ಕೆ ಹೊಸದರ ಬೆಲೆಯ ಬಿಲ್ಲು. ಪಟ್ಟಿಯಲ್ಲಿ ಘಟಕದಲ್ಲೇ ಇರುವ ಒಂದೇ ಒಂದು ಸಿಲಿಂಡರು ನುಸುಳಿದರೂ ಗಿರಾಕಿಯು ಇಡೀ ಪಟ್ಟಿಯನ್ನೇ ತಿರಸ್ಕರಿಸುತ್ತಾನೆ, ಮತ್ತು ಆ ತಿರಸ್ಕಾರ ನ್ಯಾಯವೂ ಆಗಿರುತ್ತದೆ.