ಸಕ್ಕರೆಯ ಅಣುವನ್ನು ತೂಗಿದ ಥರ್ಮಾಮೀಟರ್

ಸಕ್ಕರೆಯ ಅಣುಭಾರ 342 ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಕಣ್ಣಿಗೆ ಕಾಣದ ಅಣುವಿನ ಭಾರವನ್ನು ಮೊದಲು ಹೇಗೆ ಕಂಡುಕೊಂಡರು? ಹತ್ತೊಂಬತ್ತನೆಯ ಶತಮಾನದ ರಸಾಯನಶಾಸ್ತ್ರಜ್ಞರಿಗೆ ತಿಳಿದಿದ್ದ ಮುಖ್ಯ ದಾರಿ, ವಸ್ತುವನ್ನು ಆವಿ ಮಾಡಿ ಆ ಆವಿಯನ್ನು ತೂಗುವುದು. ಆದರೆ ಸಕ್ಕರೆಯನ್ನು ಕಾಯಿಸಿದರೆ ಆವಿಯಾಗುವುದಿಲ್ಲ, ಕರಗಿ ಕಪ್ಪಾಗಿ ಸೀದುಹೋಗುತ್ತದೆ. ಇಂಥ ವಸ್ತುಗಳ ಅಣುಭಾರವನ್ನು ನಿಶ್ಚಯಿಸುವ ದಾರಿ ಫ್ರಾನ್ಸಿನ ಗ್ರೆನೋಬಲ್ ನಗರದಿಂದ ಬಂತು.

ಅಲ್ಲಿ ಪ್ರಾಧ್ಯಾಪಕರಾಗಿದ್ದವರು ಫ್ರಾನ್ಸ್ವಾ ಮರಿ ರೌಲ್ಟ್. ನೀರಿಗೆ ಉಪ್ಪು ಹಾಕಿದರೆ ಅದು ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಎಷ್ಟು ಹೆಚ್ಚು ಉಪ್ಪೋ ಅಷ್ಟು ಹೆಚ್ಚು ಇಳಿತ ಎಂಬುದನ್ನು ಇಂಗ್ಲೆಂಡಿನ ಬ್ಲಾಗ್ಡೆನ್ 1788ರಲ್ಲೇ ತೋರಿಸಿದ್ದರು. ರೌಲ್ಟ್ ಬೇರೆ ಬೇರೆ ವಸ್ತುಗಳನ್ನು ಕರಗಿಸಿ, ಪ್ರತಿಯೊಂದರ ಇಳಿತವನ್ನೂ ಅದರ ಅಣುಭಾರದೊಂದಿಗೆ ಹೋಲಿಸಿ ನೋಡಿದರು. 1882ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಅಚ್ಚರಿಯದಾಗಿತ್ತು. ಸಾವಯವ ವಸ್ತು ಯಾವುದೇ ಇರಲಿ, ಅಣುಗಳ ಸಂಖ್ಯೆ ಒಂದೇ ಆದರೆ ನೀರಿನ ಘನೀಭವನ ಬಿಂದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ. ಇಂದಿನ ಲೆಕ್ಕದಲ್ಲಿ, ಒಂದು ಕಿಲೋ ನೀರಿನಲ್ಲಿ ಒಂದು ಮೋಲ್ ವಸ್ತು ಕರಗಿದರೆ ಇಳಿತ 1.86 ಡಿಗ್ರಿ. ಅಂದರೆ ಥರ್ಮಾಮೀಟರ್ ಅಣುಗಳನ್ನು ಎಣಿಸಬಲ್ಲದು!

ಲೆಕ್ಕ ಮಾಡಿ ನೋಡೋಣ. 250 ಗ್ರಾಂ ನೀರಿನಲ್ಲಿ 17.1 ಗ್ರಾಂ ಸಕ್ಕರೆ ಕರಗಿಸಿದಾಗ ಘನೀಭವನ ಬಿಂದು 0.372 ಡಿಗ್ರಿ ಇಳಿಯಿತು ಎನ್ನೋಣ. 0.372ನ್ನು 1.86ರಿಂದ ಭಾಗಿಸಿದರೆ 0.2, ಇದು ಒಂದು ಕಿಲೋ ನೀರಿಗೆ ಬರುವ ಮೋಲ್‌ಗಳ ಸಂಖ್ಯೆ. 250 ಗ್ರಾಂ ನೀರಿನಲ್ಲಿ ಅದರ ಕಾಲು ಭಾಗ, ಅಂದರೆ 0.05 ಮೋಲ್. 17.1 ಗ್ರಾಮನ್ನು 0.05ರಿಂದ ಭಾಗಿಸಿದರೆ ಬರುವುದು 342.

ಕುದಿಬಿಂದುವಿಗೂ ಇದೇ ಲೆಕ್ಕ. ಅಲ್ಲಿ ಇಳಿತದ ಬದಲು ಏರಿಕೆ, 1.86ರ ಬದಲು 0.52. ಆದರೆ ಮೇಲಿನ ಸಕ್ಕರೆ ನೀರಿನ ಕುದಿಬಿಂದು ಏರುವುದು 0.104 ಡಿಗ್ರಿ ಮಾತ್ರ. ವಾಯುಭಾರ ಮೂರು ಮಿಲಿಮೀಟರಿನಷ್ಟು ಬದಲಾದರೂ ನೀರಿನ ಕುದಿಬಿಂದು ಸುಮಾರು ಅಷ್ಟೇ ಸರಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ ಪುಸ್ತಕದಲ್ಲಿರುವ 100 ಡಿಗ್ರಿಯನ್ನು ನಂಬಿ ಕಳೆದರೆ ಉತ್ತರ ಕೆಡುತ್ತದೆ. ಅದೇ ಹೊತ್ತಿನಲ್ಲಿ, ಅದೇ ಥರ್ಮಾಮೀಟರಿನಿಂದ ಶುದ್ಧ ನೀರಿನ ಕುದಿಬಿಂದುವನ್ನೂ ಅಳೆಯಬೇಕು. ಘನೀಭವನದಲ್ಲಿ ಬೇರೊಂದು ತೊಡಕು: ದ್ರಾವಣ ಹೆಪ್ಪುಗಟ್ಟದೆಯೇ ಘನೀಭವನ ಬಿಂದುವಿನಿಂದ ಕೆಳಗೆ ತಣಿಯುತ್ತದೆ, ಮಂಜುಗಡ್ಡೆ ಮೂಡಿದೊಡನೆ ಪಾದರಸ ತಟ್ಟನೆ ಮೇಲೇರುತ್ತದೆ. ಆ ಮೊದಲ ಕನಿಷ್ಠ ಅಂಕಿಯನ್ನೇ ಬರೆದುಕೊಂಡವರಿಗೆ ಇಳಿತ ಹೆಚ್ಚಾಗಿ ಕಾಣುತ್ತದೆ, ಅಣುಭಾರ ಕಡಿಮೆಯಾಗಿ ಬರುತ್ತದೆ. ಇಷ್ಟು ಸಣ್ಣ ಅಂತರಗಳನ್ನು ಅಳೆಯಲೆಂದೇ ಜರ್ಮನಿಯ ಬೆಕ್‌ಮನ್ 1888ರ ಹೊತ್ತಿಗೆ ಹೊಸ ಥರ್ಮಾಮೀಟರ್ ರೂಪಿಸಿದರು. ಅದರ ಪಟ್ಟಿಯಲ್ಲಿ ಇದ್ದದ್ದು ಐದಾರು ಡಿಗ್ರಿ ಮಾತ್ರ. ಒಂದೊಂದು ಡಿಗ್ರಿಯಲ್ಲೂ ನೂರು ಗೆರೆ.

ಸಕ್ಕರೆಯ ಲೆಕ್ಕ ಸರಿಹೋಯಿತು. ಅಡುಗೆ ಉಪ್ಪಿನ ಲೆಕ್ಕ ಮಾತ್ರ ತಪ್ಪುತ್ತಲೇ ಇತ್ತು. ಒಂದು ಕಿಲೋ ನೀರಿಗೆ 5.85 ಗ್ರಾಂ ಉಪ್ಪು ಹಾಕಿದರೆ 0.186 ಡಿಗ್ರಿ ಇಳಿಯಬೇಕಿತ್ತು, ಇಳಿದದ್ದು 0.348. ಅದರಿಂದ ಬರುವ ಭಾರ ಸುಮಾರು 31, ನಿಜವಾದದ್ದು 58.5. ರೌಲ್ಟ್ ಕೂಡ ಲವಣಗಳ ಇಳಿತ ಹೆಚ್ಚುಕಡಿಮೆ ಇಮ್ಮಡಿಯಾಗುವುದನ್ನು ಗಮನಿಸಿದ್ದರು. ಡಚ್ ವಿಜ್ಞಾನಿ ವಾಂಟ್ ಹಾಫ್ ತಮ್ಮ ಸಮೀಕರಣದಲ್ಲಿ ಇದಕ್ಕೆಂದೇ `i` ಎಂಬ ಅಕ್ಷರ ಸೇರಿಸಿದರು. ಆದರೆ ಅದು ಏಕೆ ಬೇಕೆಂಬುದು ಬಿಡಿಸದ ಒಗಟಾಗಿತ್ತು.

1887ರಲ್ಲಿ ಸ್ವೀಡನ್ನಿನ ಯುವಕ ಅರ್ಹೇನಿಯಸ್ ಅದನ್ನು ಬಿಡಿಸಿದರು. ಉಪ್ಪು ಕರಗಿದಾಗ ವಿದ್ಯುದಾವೇಶವುಳ್ಳ ಎರಡು ತುಣುಕುಗಳಾಗಿ, ಅಂದರೆ ಅಯಾನುಗಳಾಗಿ ಬೇರ್ಪಡುತ್ತದೆ. ಥರ್ಮಾಮೀಟರ್ ಎಣಿಸಿದ್ದು ಆ ತುಣುಕುಗಳನ್ನು. ಕಣಗಳು ಇಮ್ಮಡಿಯಾದ್ದರಿಂದ ಇಳಿತವೂ ಬಹುಮಟ್ಟಿಗೆ ಇಮ್ಮಡಿ. ನೀರು ತಾಕಿದರೆ ಹೊತ್ತಿಕೊಳ್ಳುವ ಸೋಡಿಯಂ ಉಪ್ಪುನೀರಿನಲ್ಲಿ ಬಿಡಿಯಾಗಿರಲು ಸಾಧ್ಯವೇ ಎಂದು ಹಲವರು ಆಕ್ಷೇಪಿಸಿದರು. ಆವೇಶ ಪಡೆದ ಸೋಡಿಯಂ ಅಯಾನು ಲೋಹದ ಸೋಡಿಯಂನಂತೆ ವರ್ತಿಸುವುದಿಲ್ಲ ಎಂಬುದೇ ಉತ್ತರ. ಮೂರು ವರ್ಷ ಹಿಂದೆ ಇದೇ ಯುವಕನ ಡಾಕ್ಟರೇಟ್ ಪ್ರಬಂಧಕ್ಕೆ ಉಪ್ಸಲಾದ ಪರೀಕ್ಷಕರು ಕೆಳದರ್ಜೆ ಕೊಟ್ಟಿದ್ದರು. 1903ರಲ್ಲಿ ಅವರಿಗೆ ನೊಬೆಲ್ ಬಂತು.

ತದ್ವಿರುದ್ಧ ಉದಾಹರಣೆಯೂ ಇದೆ. ಬೆಂಜೀನಿನಲ್ಲಿ ಬೆಂಜೋಯಿಕ್ ಆಮ್ಲ ಕರಗಿಸಿ ಅಳೆದರೆ 122ರ ಬದಲು 244ರ ಸಮೀಪದ ಅಂಕಿ ಸಿಗುತ್ತದೆ. ಅಲ್ಲಿ ಅಣುಗಳು ಎರಡೆರಡಾಗಿ ಜೋಡಿ ಕಟ್ಟಿಕೊಂಡಿರುತ್ತವೆ.

ಆದ್ದರಿಂದ ಈ ವಿಧಾನದಲ್ಲಿ ಅಣುಭಾರ ಲೆಕ್ಕ ಹಾಕುವವರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕರಗಿದ ಮೇಲೆ ಈ ವಸ್ತು ಬಿಡಿಯಾಗಿದೆಯೋ, ಒಡೆದಿದೆಯೋ, ಜೋಡಿಯಾಗಿದೆಯೋ? ಉಪ್ಪಿಗೆ 31 ಬಂದಾಗ ಥರ್ಮಾಮೀಟರ್ ತಪ್ಪು ಹೇಳಿರಲಿಲ್ಲ. ಕರಗಿದ ಉಪ್ಪು ಇಡಿಯಾಗಿಯೇ ಇರುತ್ತದೆಂಬ ನಮ್ಮ ಎಣಿಕೆ ತಪ್ಪಾಗಿತ್ತು.